ಬೇಬಾಕಿ ಪತ್ರ ಆಮೇಲೆ, ಮೊದಲು ಲೆಕ್ಕ

ನಮಸ್ಕಾರ. ಫ್ಲ್ಯಾಟ್ ಮಾರಲು ಹೊರಟ ನನ್ನ ಪರಿಚಯದ ಮಹಿಳೆಯೊಬ್ಬರಿಗೆ ಅವರ ಅಪಾರ್ಟ್‌ಮೆಂಟ್ ಸಂಘದಿಂದ ಬಂದ ಇಮೇಲ್ ಹೀಗಿತ್ತು: "ನಿಮ್ಮ ಬಾಕಿ 76,180 ರೂಪಾಯಿ. ಪೂರ್ತಿ ಪಾವತಿಸಿದ ನಂತರ ನೋ ಡ್ಯೂಸ್ ಸರ್ಟಿಫಿಕೇಟ್ ಕೊಡಲಾಗುವುದು." ಅಷ್ಟೇ. ಯಾವ ತಿಂಗಳಿನದು, ಯಾವ ಬಾಬ್ತಿನದು, ಬಡ್ಡಿ ಎಷ್ಟು, ಒಂದಕ್ಷರವೂ ಇಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ಹಣ ಕಟ್ಟಿಕೊಂಡು ಬಂದವರು ಅವರು. ಇದ್ದಕ್ಕಿದ್ದಂತೆ ಮುಕ್ಕಾಲು ಲಕ್ಷದ ಬಾಕಿ ಎಂದರೆ ಯಾರಿಗಾದರೂ ತಲೆ ಸುತ್ತುತ್ತದೆ.

ನಾನು ಕೆಲವು ವರ್ಷ ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಖಜಾಂಚಿಯಾಗಿದ್ದವನು. ಆ ಮೇಜಿನ ಎರಡೂ ಬದಿ ನನಗೆ ಗೊತ್ತು. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಮಾರುವವರು ಸಾಮಾನ್ಯವಾಗಿ ಈ ನೋ ಡ್ಯೂಸ್ ಸರ್ಟಿಫಿಕೇಟನ್ನು, ಅಂದರೆ ಬೇಬಾಕಿ ಪತ್ರವನ್ನು ಕೇಳುತ್ತಾರೆ, ಲೆಕ್ಕವನ್ನು ಕೇಳುವುದಿಲ್ಲ. ಸಂಘಗಳೂ ಪತ್ರವನ್ನು ಕೊಡುತ್ತವೆ ಅಥವಾ ತಡೆಹಿಡಿಯುತ್ತವೆ, ಲೆಕ್ಕವನ್ನು ಕೊಡುವುದಿಲ್ಲ. ಎರಡೂ ಕಡೆಯವರು ಹೀಗೆ ತಲೆಕೆಳಗಾಗಿ ನಡೆದುಕೊಳ್ಳುವುದರಿಂದಲೇ ನೋಂದಣಿಯ ಹಿಂದಿನ ದಿನ ಫೋನಿನಲ್ಲಿ ಜಗಳ ನಡೆಯುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಸ್ವಲ್ಪ ನೋಡೋಣ, ಏಕೆಂದರೆ ಈ ಪತ್ರದ ಬೆಲೆ ಇರುವುದೇ ಅಲ್ಲಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದು. ಅದರ ಪ್ರಕಾರ ಸಾಮಾನ್ಯ ವೆಚ್ಚದಲ್ಲಿ ಒಂದು ಫ್ಲ್ಯಾಟಿನ ಪಾಲು ಬಾಕಿ ಉಳಿದರೆ ಆ ಮೊತ್ತ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ. ಸರ್ಕಾರದ ಮತ್ತು ನಗರಸಭೆಯ ತೆರಿಗೆ, ಮೊದಲ ಅಡಮಾನದ ಸಾಲ, ಇವೆರಡನ್ನು ಬಿಟ್ಟರೆ ಉಳಿದೆಲ್ಲ ಹೊರೆಗಳಿಗಿಂತ ಅದಕ್ಕೇ ಆದ್ಯತೆ. ಫ್ಲ್ಯಾಟ್ ಮಾರಾಟವಾದಾಗ ಹಳೆಯ ಬಾಕಿಗೆ ಮಾರಿದವರೂ ಕೊಂಡವರೂ ಒಟ್ಟಾಗಿ ಹೊಣೆ. ಕೊಂಡವರು ಕಟ್ಟಿದರೆ ಅದನ್ನು ಮಾರಿದವರಿಂದ ವಸೂಲು ಮಾಡಿಕೊಳ್ಳಬಹುದು, ಆದರೆ ಸಂಘಕ್ಕೆ "ಅದು ಹಳೆಯ ಮಾಲೀಕರದು, ನನಗೆ ಸಂಬಂಧವಿಲ್ಲ" ಎಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ.

ಇದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿದವರು ಕಡಿಮೆ. ಮಾರುವವರ ಬಾಕಿ ಎಷ್ಟು ಎಂದು ಮೊತ್ತವನ್ನು ನಮೂದಿಸಿದ ಹೇಳಿಕೆಯನ್ನು ಸಂಘದಿಂದ ಪಡೆಯುವ ಹಕ್ಕು ಕೊಳ್ಳುವವರಿಗೆ ಇದೆ. ಸಂಘ ಹಾಗೆ ಬರೆದುಕೊಟ್ಟ ಮೇಲೆ, ಆ ಮೊತ್ತಕ್ಕಿಂತ ಹೆಚ್ಚಿನ ಹಳೆಯ ಬಾಕಿಗೆ ಕೊಂಡವರು ಹೊಣೆಯಲ್ಲ, ಫ್ಲ್ಯಾಟಿನ ಮೇಲೆ ಹೊರೆಯೂ ಬೀಳುವುದಿಲ್ಲ. ಗಮನಿಸಿ, ಕಾಯ್ದೆ ರಕ್ಷಣೆ ಕೊಡುವುದು ಮೊತ್ತವನ್ನು ಹೇಳುವ ಕಾಗದಕ್ಕೆ. "ಇವರು ಒಳ್ಳೆಯ ಸದಸ್ಯರು, ಯಾವ ಬಾಕಿಯೂ ಇಲ್ಲ" ಎಂಬ ಒಂದು ಸಾಲಿನ ಪ್ರಶಂಸಾಪತ್ರಕ್ಕಲ್ಲ. ಎಲ್ಲ ಸಂಘಗಳೂ ಈ ಕಾಯ್ದೆಯಡಿ ಇರುವುದಿಲ್ಲ. ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಕೆಲವು 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿರುತ್ತವೆ. ಅಂಥ ಕಡೆ ಬೈಲಾ ಏನು ಹೇಳುತ್ತದೆ ಎಂಬುದೇ ಮುಖ್ಯ. ಸಂಘದ ಲೆಟರ್‌ಹೆಡ್ಡಿನ ಮೇಲೆ ನೋಂದಣಿ ಸಂಖ್ಯೆಯ ಜೊತೆ ಸಾಮಾನ್ಯವಾಗಿ ಕಾಯ್ದೆಯ ಹೆಸರು ಇರುತ್ತದೆ, ಅಲ್ಲಿ ನೋಡಿಕೊಳ್ಳಿ.

ಈಗ ಆ 76,180ಕ್ಕೆ ಬರೋಣ. ನಾನು ಅವರಿಗೆ ಹೇಳಿದ್ದು ಇಷ್ಟು: ಹಣವನ್ನೂ ಕಟ್ಟಬೇಡಿ, ಜಗಳವನ್ನೂ ಆಡಬೇಡಿ, ಈ ಪತ್ರ ಕಳಿಸಿ.

"ನಮ್ಮ ಫ್ಲ್ಯಾಟಿನ ಮಾರಾಟದ ಕರಾರು ಆಗಿದೆ. 2023ರ ಏಪ್ರಿಲ್ 1ರಿಂದ ಇಂದಿನವರೆಗಿನ ಖಾತೆಯ ವಿವರವನ್ನು ದಯವಿಟ್ಟು ಕಳಿಸಿ. ಪ್ರತಿ ಬಿಲ್ಲಿನ ದಿನಾಂಕ, ಮೊತ್ತ, ನಮ್ಮ ಪ್ರತಿ ಪಾವತಿಯ ದಿನಾಂಕ, ಅದನ್ನು ಯಾವ ಬಾಬ್ತಿಗೆ ಜಮಾ ಮಾಡಲಾಗಿದೆ, ಬಡ್ಡಿಯ ದರ ಮತ್ತು ಅದಕ್ಕೆ ಆಧಾರವಾದ ಬೈಲಾ ಕಲಂ, ವಿಶೇಷ ವಂತಿಗೆ ಇದ್ದರೆ ಅದನ್ನು ಅಂಗೀಕರಿಸಿದ ಸರ್ವಸದಸ್ಯರ ಸಭೆಯ ನಡಾವಳಿಯ ಪ್ರತಿ, ಇವಿಷ್ಟು ಬೇಕು. ಲೆಕ್ಕ ಹೊಂದಾಣಿಕೆಯಾದ ಕೂಡಲೇ ನಿಜವಾದ ಬಾಕಿಯನ್ನು ಪಾವತಿಸುತ್ತೇವೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಖಜಾಂಚಿಯ ಕುರ್ಚಿಯಲ್ಲಿ ಕುಳಿತವನಿಗೆ ಬರುವ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ನೆಪ. ಕಟ್ಟುತ್ತೇನೆ ಎಂದು ಬರೆದವರ ಕಡತ ತಾನಾಗಿಯೇ ಮೇಲೆ ಬರುತ್ತದೆ. ಅವನೂ ಹಗಲೆಲ್ಲ ಬೇರೆ ಕೆಲಸ ಮಾಡಿ ರಾತ್ರಿ ಹತ್ತಕ್ಕೆ ಈ ಲೆಕ್ಕ ತೆರೆಯುವ ಮನುಷ್ಯ, ಸಂಬಳವಿಲ್ಲದ ಹುದ್ದೆ ಅದು. ಪತ್ರದ ಮೇಲೆ ಕೊಳ್ಳುವವರ ಸಹಿಯನ್ನೂ ಹಾಕಿಸಿದರೆ ಇನ್ನೂ ಒಳ್ಳೆಯದು, ಹೇಳಿಕೆ ಕೇಳುವ ಹಕ್ಕು ಕಾಯ್ದೆಯಲ್ಲಿ ಅವರದೇ ತಾನೆ.

ವಿವರ ಬಂತು. ಐದು ಬಾಬ್ತುಗಳಿದ್ದವು. ನಿರ್ವಹಣಾ ಶುಲ್ಕದಲ್ಲಿ ಕೊರತೆ 14,400. ಒಂದು ತ್ರೈಮಾಸಿಕ ಪಾವತಿಯೇ ಆಗಿಲ್ಲ ಎಂದು 12,600. ಬಡ್ಡಿ 9,180. ಬಣ್ಣದ ಕೆಲಸದ ವಂತಿಗೆ 25,000. ವರ್ಗಾವಣೆ ಶುಲ್ಕ 15,000. ಕೂಡಿದರೆ ಸರಿಯಾಗಿ 76,180.

ಮೊದಲನೆಯದು ನಿಜವಾದ ಬಾಕಿ. ಫ್ಲ್ಯಾಟ್ 1,200 ಚದರ ಅಡಿ. ಚದರ ಅಡಿಗೆ ಮೂರೂವರೆ ರೂಪಾಯಿಯಂತೆ ತಿಂಗಳಿಗೆ 4,200 ಇತ್ತು. 2023ರ ಏಪ್ರಿಲ್‌ನಿಂದ ಸಭೆ ಅದನ್ನು ನಾಲ್ಕು ರೂಪಾಯಿಗೆ ಏರಿಸಿತು, ಅಂದರೆ 4,800. ಇವರು ಮೈಸೂರಿಗೆ ಹೋಗಿ ನೆಲೆಸಿದ್ದರು, ಬ್ಯಾಂಕಿಗೆ ಕೊಟ್ಟಿದ್ದ ಹಳೆಯ ಸೂಚನೆಯಂತೆ ಮೂರು ತಿಂಗಳಿಗೆ 12,600 ಹೋಗುತ್ತಲೇ ಇತ್ತು. ಹೋಗಬೇಕಾದದ್ದು 14,400. ಪ್ರತಿ ಸಲ 1,800 ಕಡಿಮೆ, 2025ರ ಮಾರ್ಚ್‌ವರೆಗೆ ಎಂಟು ಸಲ, ಒಟ್ಟು 14,400. ಇದರಲ್ಲಿ ತಕರಾರು ಎತ್ತಲು ಏನೂ ಇಲ್ಲ. ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿರುವ ಮಾಲೀಕರಲ್ಲಿ ನಾನು ಅತಿ ಹೆಚ್ಚು ಕಂಡ ಬಾಕಿ ಇದೇ. ಹಣ ಹೋಗುತ್ತಿದೆ ಎಂಬ ನೆಮ್ಮದಿಯಲ್ಲಿ ಎಷ್ಟು ಹೋಗುತ್ತಿದೆ ಎಂದು ಯಾರೂ ನೋಡುವುದಿಲ್ಲ.

ಎರಡನೆಯದು, 12,600 ರೂಪಾಯಿ. 2023ರ ಜುಲೈ ತ್ರೈಮಾಸಿಕದ ಹಣ ಬಂದೇ ಇಲ್ಲ ಎಂದು ಸಂಘದ ಮಾತು. ಇವರ ಬ್ಯಾಂಕ್ ಪುಸ್ತಕದಲ್ಲಿ ಆ ತಿಂಗಳು ಹಣ ಹೋಗಿಲ್ಲ ಎಂಬುದೂ ನಿಜ. ಆದರೆ ಆ ಒಂದು ಸಲ ಗಂಡನ ಖಾತೆಯಿಂದ ಹೋಗಿತ್ತು, ಗಂಡನ ಹೆಸರಿನಲ್ಲಿ, ಫ್ಲ್ಯಾಟ್ ಸಂಖ್ಯೆ ಇಲ್ಲದೆ. ಸಂಘದ ಲೆಕ್ಕದಲ್ಲಿ ಯಾರದೆಂದು ತಿಳಿಯದ ಇಂಥ ಹಣವೆಲ್ಲ ಅನಾಮತ್ತು ಖಾತೆಯಲ್ಲಿ, ಅಂದರೆ ಲೆಕ್ಕಿಗರು ಸಸ್ಪೆನ್ಸ್ ಎನ್ನುವ ಖಾತೆಯಲ್ಲಿ, ಬಿದ್ದಿರುತ್ತದೆ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ವರ್ಷದ ಕೊನೆಗೆ ಆ ಖಾತೆಯನ್ನು ತೆರೆದು ನೋಡಿದರೆ ಆಶ್ಚರ್ಯವಾಗುತ್ತದೆ, ಅಷ್ಟು ಜನರ ಹಣ ಅಲ್ಲಿ ವಾರಸುದಾರರಿಲ್ಲದೆ ಕುಳಿತಿರುತ್ತದೆ. "ನಾನು ಕಟ್ಟಿದ್ದೇನೆ" ಎಂದು ಕೂಗಿದರೆ ಅದು ಹೊರಗೆ ಬರುವುದಿಲ್ಲ. ಹಣ ಕಳಿಸಿದ ದಿನಾಂಕ, ಮೊತ್ತ, ಯಾರ ಖಾತೆಯಿಂದ, ಮತ್ತು ಬ್ಯಾಂಕ್ ಪ್ರತಿ ವರ್ಗಾವಣೆಗೂ ಕೊಡುವ ಯುಟಿಆರ್ ಸಂಖ್ಯೆ, ಇಷ್ಟು ಕೊಟ್ಟರೆ ಹತ್ತು ನಿಮಿಷದ ಕೆಲಸ. ಇವರೂ ಅದನ್ನೇ ಕೊಟ್ಟರು, 12,600 ಅಳಿಸಿಹೋಯಿತು.

ಮೂರನೆಯದು ಬಡ್ಡಿ, ನನಗೆ ಸಿಟ್ಟು ಬಂದದ್ದು ಇಲ್ಲಿ. 9,180 ಹೇಗೆ ಬಂತು? ಬಿಲ್ಲಿಂಗ್ ತಂತ್ರಾಂಶದಲ್ಲಿ ತಿಂಗಳಿಗೆ ಶೇಕಡಾ 2 ಎಂದು ಹಾಕಿಟ್ಟಿದ್ದರು. ಬೈಲಾ ತೆರೆದು ನೋಡಿದರೆ ವರ್ಷಕ್ಕೆ ಶೇಕಡಾ 12, ಸರಳ ಬಡ್ಡಿ. ಅಂದರೆ ತಿಂಗಳಿಗೆ ಶೇಕಡಾ 1. ತಂತ್ರಾಂಶವನ್ನು ಮೊದಲ ಬಾರಿ ಅಳವಡಿಸಿದವರು ಅದರಲ್ಲಿದ್ದ ದರವನ್ನು ಹಾಗೆಯೇ ಬಿಟ್ಟಿದ್ದಾರೆ, ಆಮೇಲೆ ಬಂದ ಯಾವ ಸಮಿತಿಯೂ ಬೈಲಾದ ಜೊತೆ ಹೋಲಿಸಿ ನೋಡಿಲ್ಲ. ಕಂಪ್ಯೂಟರ್ ತೋರಿಸಿದ ಅಂಕಿ ಎಂದ ಮಾತ್ರಕ್ಕೆ ಅದು ಬೈಲಾ ಆಗುವುದಿಲ್ಲ, ಸ್ವಾಮಿ! ಸಂಘಕ್ಕೆ ಬಡ್ಡಿ ಹಾಕುವ ಅಧಿಕಾರ ಬರುವುದು ಬೈಲಾದಿಂದ, ಆದ್ದರಿಂದ ದರವೂ ಅದರದ್ದೇ.

ಲೆಕ್ಕ ಮಾಡಿ ನೋಡೋಣ. ಮೊದಲ 1,800 ರೂಪಾಯಿ 24 ತಿಂಗಳು ಬಾಕಿ ಇತ್ತು, ಎರಡನೆಯದು 21 ತಿಂಗಳು, ಮೂರನೆಯದು 18, ಹೀಗೆ ಇಳಿಯುತ್ತಾ ಕೊನೆಯದು 3 ತಿಂಗಳು. ಎಂಟನ್ನೂ ಕೂಡಿದರೆ 108 ತಿಂಗಳು. 1,800ಕ್ಕೆ ತಿಂಗಳಿಗೆ ಶೇಕಡಾ 1 ಎಂದರೆ 18 ರೂಪಾಯಿ. 108 ಸಲ 18, ಅಂದರೆ 1,944 ರೂಪಾಯಿ. ಕೊಡಬೇಕಾದ ಬಡ್ಡಿ ಇಷ್ಟೇ. ಸಂಘ ಇದರ ದುಪ್ಪಟ್ಟು 3,888 ಹಾಕಿತ್ತು, ಜೊತೆಗೆ ಬಂದೇ ಇದ್ದ 12,600ರ ಮೇಲೂ 21 ತಿಂಗಳಿಗೆ 5,292 ಹಾಕಿತ್ತು. ಅಸಲು ತಪ್ಪಾದರೆ ಅದರ ಬಡ್ಡಿಯೂ ತಪ್ಪು, ಆದರೆ ಅಸಲನ್ನು ಸರಿಪಡಿಸಿ ಬಡ್ಡಿಯನ್ನು ಹಾಗೆಯೇ ಉಳಿಸಿಕೊಳ್ಳುವುದು ಎಷ್ಟೋ ಕಡೆ ನಡೆಯುತ್ತದೆ. ಅದನ್ನು ಬೇರೆಯಾಗಿ ಕೇಳಿ ತೆಗೆಸಬೇಕು.

ಬಡ್ಡಿಯಲ್ಲೇ ಇನ್ನೊಂದು ಸೂಕ್ಷ್ಮವಿದೆ, ಇವರ ವಿಷಯದಲ್ಲಿ ಇರಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕೆಲವು ತಂತ್ರಾಂಶಗಳು ನೀವು ಕಟ್ಟಿದ ಹಣವನ್ನು ಮೊದಲು ಬಡ್ಡಿಗೆ ಜಮಾ ಮಾಡಿಕೊಂಡು ಉಳಿದದ್ದನ್ನು ಅಸಲಿಗೆ ಹಾಕುತ್ತವೆ. ಆಗ ಎಂದೋ ಉಳಿದ ಸಣ್ಣ ಬಾಕಿ ತೀರುವುದೇ ಇಲ್ಲ, ಪ್ರತಿ ತ್ರೈಮಾಸಿಕದ ಹೊಸ ಬಿಲ್ಲೂ ಸ್ವಲ್ಪ ಸ್ವಲ್ಪ ಬಾಕಿಯಾಗಿ ಉಳಿಯುತ್ತಾ ಹೋಗುತ್ತದೆ. ನಿಮ್ಮ ಖಾತೆಯಲ್ಲಿ ಪೂರ್ತಿ ಕಟ್ಟಿದ ಬಿಲ್ಲಿನ ಎದುರು ಭಾಗಶಃ ಪಾವತಿ ಎಂದು ಕಂಡರೆ ಇದೇ ಕಾರಣವಿರಬಹುದು. "ಯಾವ ಬಾಬ್ತಿಗೆ ಜಮಾ" ಎಂದು ಪತ್ರದಲ್ಲಿ ಕೇಳಿದ್ದು ಇದಕ್ಕಾಗಿಯೇ.

ನಾಲ್ಕನೆಯದು, ಬಣ್ಣದ ವಂತಿಗೆ 25,000. ಇಲ್ಲಿ ಯಾರೂ ಪೂರ್ತಿ ತಪ್ಪಲ್ಲ. ಸಭೆಯ ನಡಾವಳಿಯಲ್ಲಿ ಎರಡು ಕಂತು ಎಂದಿತ್ತು: 12,500 ರೂಪಾಯಿ 2025ರ ಮಾರ್ಚ್ 31ಕ್ಕೆ, ಉಳಿದ 12,500 ಸೆಪ್ಟೆಂಬರ್ 30ಕ್ಕೆ. ನೋಂದಣಿ ಮೇ ಮಧ್ಯದಲ್ಲಿ. ಮೊದಲ ಕಂತು ಇವರದು, ಅನುಮಾನವಿಲ್ಲ. ಎರಡನೆಯದು ಇನ್ನೂ ಬಾಕಿಯೇ ಆಗಿಲ್ಲ, ಗಡುವು ಬರುವ ಹೊತ್ತಿಗೆ ಮಾಲೀಕರು ಬೇರೆ. ಆದರೆ ತೀರ್ಮಾನವಾದದ್ದು ಇವರ ಕಾಲದಲ್ಲಿ ಎಂದು ಕೊಳ್ಳುವವರು ವಾದಿಸಬಹುದು, ಬಣ್ಣ ಬಳಿದ ಗೋಡೆ ನೋಡುವವರು ನೀವು ಎಂದು ಮಾರುವವರು ವಾದಿಸಬಹುದು. ಇದು ಸಂಘ ತೀರ್ಮಾನಿಸುವ ವಿಷಯವೇ ಅಲ್ಲ, ಕ್ರಯದ ಕರಾರಿನಲ್ಲಿ ಒಂದು ಸಾಲು ಬರೆದುಕೊಂಡರೆ ಮುಗಿಯಿತು. ಸಂಘದ ಕೆಲಸ ಎರಡನೆಯ ಕಂತು ಇದೆ, ಇಷ್ಟು, ಇಂಥ ದಿನಕ್ಕೆ ಎಂದು ಪತ್ರದಲ್ಲಿ ಬರೆಯುವುದು. ಅದನ್ನು ಮುಚ್ಚಿಟ್ಟು ಬಾಕಿ ಇಲ್ಲ ಎಂದು ಬರೆದುಕೊಟ್ಟರೆ ಸೆಪ್ಟೆಂಬರ್‌ನಲ್ಲಿ ಹೊಸ ಮಾಲೀಕರು ಮೊದಲು ಫೋನ್ ಮಾಡುವುದು ಮಾರಿದವರಿಗೆ, ಅದೂ ಮೋಸಹೋದವರ ದನಿಯಲ್ಲಿ.

ಐದನೆಯದು 15,000 ರೂಪಾಯಿಯ ವರ್ಗಾವಣೆ ಶುಲ್ಕ. 1972ರ ಕಾಯ್ದೆಯಡಿ ಪ್ರತಿ ಫ್ಲ್ಯಾಟೂ ಅದರ ಅವಿಭಜಿತ ಪಾಲಿನೊಂದಿಗೆ ವರ್ಗಾಯಿಸಬಹುದಾದ ಸ್ವತ್ತು, ಮಾರುವುದು ಮಾಲೀಕರ ಹಕ್ಕು. ಕಾರ್ಯದರ್ಶಿಯ ಅಪ್ಪಣೆ ಪಡೆದು ಮಾರುವಂಥದ್ದಲ್ಲ. ನಿರಾಕ್ಷೇಪಣಾ ಪತ್ರ ಬೇರೆ, ಬೇಬಾಕಿ ಪತ್ರ ಬೇರೆ. ಒಂದು ಅನುಮತಿಯ ಮಾತು, ಇನ್ನೊಂದು ಲೆಕ್ಕದ ಮಾತು. ಸಂಘಗಳು ಎರಡನ್ನೂ ಕಲಸಿ ಮಧ್ಯೆ ಒಂದು ಶುಲ್ಕ ಇಡುತ್ತವೆ. ದಾಖಲೆಗಳಲ್ಲಿ ಹೆಸರು ಬದಲಿಸುವ ಕೆಲಸಕ್ಕೆ ಸಣ್ಣ ಮೊತ್ತ ತೆಗೆದುಕೊಂಡರೆ ನಾನು ಬೇಡವೆನ್ನುವುದಿಲ್ಲ. ಆದರೆ ಹದಿನೈದು ಸಾವಿರ ಕೇಳಿದರೆ ಯಾವ ಬೈಲಾ ಕಲಂ, ಯಾವ ಸಭೆಯ ನಿರ್ಣಯ ಎಂದು ಕೇಳಲೇಬೇಕು. ಇವರು ಕೇಳಿದರು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂದ ಹೊಸ ಲೆಕ್ಕದಲ್ಲಿ ಆ ಸಾಲೇ ಇರಲಿಲ್ಲ. ಯಾರೂ ತಪ್ಪಾಯಿತು ಎನ್ನಲಿಲ್ಲ, ಇವರೂ ಕೆದಕಲಿಲ್ಲ.

ಕೊನೆಗೆ ಉಳಿದದ್ದು 14,400, ಬಡ್ಡಿ 1,944, ಬಣ್ಣದ ಮೊದಲ ಕಂತು 12,500. ಒಟ್ಟು 28,844. ಇದರ ಜೊತೆಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ಚಾಲ್ತಿ ಬಿಲ್ 14,400 ಕಟ್ಟಿದರು. ಮೇ ಎರಡನೆಯ ಅರ್ಧ ಮತ್ತು ಜೂನ್ ತಿಂಗಳಿನ ಪಾಲು 7,200 ರೂಪಾಯಿಯನ್ನು ಕೊಂಡವರು ನೋಂದಣಿಯ ದಿನ ಅವರಿಗೆ ಕೊಟ್ಟರು.

ಒಂದು ವೇಳೆ ಲೆಕ್ಕ ಬಗೆಹರಿಯದೆ ನೋಂದಣಿಯ ದಿನ ಹತ್ತಿರ ಬಂದರೆ? ಒಪ್ಪಿಕೊಂಡ ಬಾಕಿಯನ್ನು ತಕ್ಷಣ ಕಟ್ಟಿ ರಸೀದಿ ಪಡೆಯಿರಿ. ತಕರಾರಿನ ಮೊತ್ತ ಸಣ್ಣದಾಗಿದ್ದರೆ, ಹಕ್ಕನ್ನು ಕಾಯ್ದಿರಿಸಿಕೊಂಡು ಪ್ರತಿಭಟನೆಯೊಂದಿಗೆ ಪಾವತಿಸುತ್ತಿದ್ದೇವೆ ಎಂದು ಬರೆದು ಕಟ್ಟಿಬಿಡಿ, ಆಮೇಲೆ ವಾಪಸು ಕೇಳಬಹುದು. ದೊಡ್ಡದಾಗಿದ್ದರೆ ಅಷ್ಟು ಹಣವನ್ನು ಕೊಳ್ಳುವವರು ಕ್ರಯದ ಮೊತ್ತದಲ್ಲಿ ಹಿಡಿದಿಟ್ಟುಕೊಂಡು, ಲೆಕ್ಕ ತೀರಿದ ಮೇಲೆ ಕೊಡುವಂತೆ ಇಬ್ಬರೂ ಬರಹದಲ್ಲಿ ಒಪ್ಪಿಕೊಳ್ಳಬಹುದು. ಆಗಲೂ ಸಂಘದಿಂದ ತಾನು ಕೇಳುತ್ತಿರುವ ಮೊತ್ತ ಇಷ್ಟು ಎಂಬ ಹೇಳಿಕೆಯನ್ನಂತೂ ಪಡೆಯಬೇಕು. ಬಾಕಿ ಇದ್ದರೂ ಆ ಹೇಳಿಕೆಗೆ ಬೆಲೆಯಿದೆ, ಅದು ಮೇಲಿನ ಮಿತಿಯನ್ನು ಕಟ್ಟಿಹಾಕುತ್ತದೆ.

ಇನ್ನು ಪತ್ರ ಕೈಗೆ ಬಂದಾಗ ಓದಬೇಕು. ಕ್ರಯಪತ್ರದಲ್ಲಿರುವಂತೆಯೇ ಮಾಲೀಕರ ಹೆಸರು ಇರಬೇಕು, ಜಂಟಿ ಮಾಲೀಕರಿದ್ದರೆ ಇಬ್ಬರದೂ. ಬ್ಲಾಕ್, ಫ್ಲ್ಯಾಟ್ ಸಂಖ್ಯೆ, ಪಾರ್ಕಿಂಗ್ ಸಂಖ್ಯೆ ಇರಬೇಕು. ಯಾವ ದಿನಾಂಕದವರೆಗೆ ಬಾಕಿ ಇಲ್ಲ ಎಂಬುದು ಇರಬೇಕು. ಬರಿದೇ ಪತ್ರ ಬರೆದ ದಿನಾಂಕ ಸಾಲದು. ದೊಡ್ಡ ಖರ್ಚುಗಳಿಗೆಂದು ಮಾಲೀಕರಿಂದ ಸಂಗ್ರಹಿಸಿಟ್ಟ ಕಾರ್ಪಸ್ ನಿಧಿಯಲ್ಲಿ ಈ ಫ್ಲ್ಯಾಟಿನ ಹೆಸರಿನಲ್ಲಿ ಎಷ್ಟಿದೆ, ಅದು ಹೊಸ ಮಾಲೀಕರ ಹೆಸರಿಗೆ ಹೋಗುತ್ತದೆ ಎಂಬುದನ್ನು ಬರೆಸಿ. ಆ ಹಣವನ್ನು ಸಾಮಾನ್ಯವಾಗಿ ಸಂಘ ಮಾರುವವರಿಗೆ ಹಿಂದಿರುಗಿಸುವುದಿಲ್ಲ, ಬೇಕಿದ್ದರೆ ಕೊಳ್ಳುವವರಿಂದಲೇ ಪಡೆಯಬೇಕು, ಅದನ್ನು ಬೆಲೆ ಮಾತಾಡುವಾಗಲೇ ಹೇಳಿರಬೇಕು.

ಬಹಳ ಪತ್ರಗಳ ಕೊನೆಯಲ್ಲಿ ಒಂದು ಸಾಲು ಇರುತ್ತದೆ: "ಮುಂದೆ ಯಾವುದೇ ಬಾಕಿ ಕಂಡುಬಂದಲ್ಲಿ ಅದನ್ನು ವಸೂಲು ಮಾಡುವ ಹಕ್ಕನ್ನು ಸಂಘ ಕಾಯ್ದಿರಿಸಿಕೊಂಡಿದೆ." ಮೇಲೆ ಬಾಕಿ ಇಲ್ಲ, ಕೆಳಗೆ ಬಾಕಿ ಇದ್ದರೂ ಇರಬಹುದು! ಈ ಒಂದು ಸಾಲು ಉಳಿದರೆ ಕೊಳ್ಳುವವರ ವಕೀಲರು ಆ ಪತ್ರವನ್ನು ಪಕ್ಕಕ್ಕಿಡುತ್ತಾರೆ, ಇಟ್ಟರೆ ಅವರದು ತಪ್ಪಲ್ಲ. ಅದನ್ನು ತೆಗೆಸಿ. ತೆಗೆಯುವುದಿಲ್ಲ ಎಂದರೆ, ಲೆಕ್ಕಕ್ಕೆ ಇನ್ನೂ ಬಾರದ ಬಾಬ್ತು ಯಾವುದು ಎಂದು ಹೆಸರಿಸುವಂತೆ ಕೇಳಿ. ಸಾಮಾನ್ಯವಾಗಿ ಅದು ಒಂದೇ ಇರುತ್ತದೆ, ನೀರಿನ ಮೀಟರ್. ಪ್ರತಿ ಮನೆಗೂ ಮೀಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಬಳಸಿದ ನೀರಿನ ಬಿಲ್ ಮುಂದಿನ ತಿಂಗಳು ಬರುತ್ತದೆ. ಹಾಗಿದ್ದರೆ "ಇಂಥ ದಿನಾಂಕದ ನಂತರದ ನೀರಿನ ಬಳಕೆಯನ್ನು ಹೊರತುಪಡಿಸಿ" ಎಂದು ನಿರ್ದಿಷ್ಟವಾಗಿ ಬರೆಯಲಿ, ಅದು ನ್ಯಾಯ. ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಮೀಟರಿನ ಚಿತ್ರ ತೆಗೆದುಕೊಳ್ಳಿ, ಅಂಕಿಗಳು ಕಾಣುವಂತೆ.

ಈ ಪತ್ರಕ್ಕೆ ಎಟುಕದ ಬಾಕಿಗಳೂ ಇವೆ. ಮನೆಯ ವಿದ್ಯುತ್ ಬಿಲ್, ಆಸ್ತಿ ತೆರಿಗೆ, ಕೊಳವೆಯಲ್ಲಿ ಬರುವ ಅಡುಗೆ ಅನಿಲ, ಇವು ಸಂಘದ ಪುಸ್ತಕದಲ್ಲಿ ಇರುವುದೇ ಇಲ್ಲ, ಆಯಾ ಕಚೇರಿಯ ರಸೀದಿಯೇ ಬೇಕು. ಬಾಡಿಗೆದಾರರಿದ್ದರೆ ಅವರ ಮೇಲಿನ ದಂಡ, ಕ್ಲಬ್‌ಹೌಸ್ ಬಾಡಿಗೆ ಇತ್ಯಾದಿ ಮಾತ್ರ ಸಂಘದ ಲೆಕ್ಕದಲ್ಲಿ ಮಾಲೀಕರ ಹೆಸರಿಗೇ ಬರುತ್ತದೆ. ಆದ್ದರಿಂದ ಬಾಡಿಗೆದಾರರ ಮುಂಗಡ ಹಿಂದಿರುಗಿಸುವ ಮೊದಲೇ ಖಾತೆಯ ವಿವರ ತರಿಸಿಕೊಳ್ಳಿ, ಆಮೇಲೆ ತರಿಸಿ ಪ್ರಯೋಜನವಿಲ್ಲ.

ನೋಂದಣಿ ಮುಗಿದ ಮೇಲೆ ಕ್ರಯಪತ್ರದ ಪ್ರತಿಯೊಂದನ್ನು ಸಂಘಕ್ಕೆ ಕೊಟ್ಟು, ಬಿಲ್ಲಿಂಗ್ ಖಾತೆಯಿಂದ ನಿಮ್ಮ ಹೆಸರು, ಇಮೇಲ್, ಮೊಬೈಲ್ ಸಂಖ್ಯೆ ತೆಗೆಸಿ. ಬ್ಯಾಂಕಿಗೆ ಕೊಟ್ಟ ಸೂಚನೆಯನ್ನೂ ರದ್ದು ಮಾಡಿಸಿ. ಆ ಮಹಿಳೆ ಇದೊಂದನ್ನು ಮುಂದೂಡಿದ್ದರು, ಜುಲೈ 1ಕ್ಕೆ ಮಾರಿದ ಫ್ಲ್ಯಾಟಿನ ಹೆಸರಿನಲ್ಲಿ ಮತ್ತೆ 12,600 ಹೋಯಿತು. ಅದನ್ನು ವಾಪಸು ತರಿಸಲು ಈಗ ಅದೇ ಖಜಾಂಚಿಗೆ ಮತ್ತೆ ಪತ್ರ ಬರೆಯುತ್ತಿದ್ದಾರೆ, ಈ ಸಲ ಯುಟಿಆರ್ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಹಾಕಿ.